ದಿನದ ತಪ್ಪಿನ ಫೋಟೊ: ಗಣಿತ ಪ್ರವೇಶ ಪರೀಕ್ಷೆಗೆ 14 ವಾರಗಳ ಓದಿನ ಯೋಜನೆ

ಪರೀಕ್ಷೆಗೆ ಇನ್ನು 14 ವಾರ ಇದೆ. 60 ಪ್ರಶ್ನೆ, 120 ನಿಮಿಷ, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ನೀನು ಬರೆದ ಎರಡು ಅಣಕು ಪರೀಕ್ಷೆಗಳಲ್ಲಿ ಬಂದದ್ದು 118 ಮತ್ತು 124. ಮೊದಲನೆಯದರಲ್ಲಿ 35 ಸರಿ, 22 ತಪ್ಪು. ಎರಡನೆಯದರಲ್ಲಿ 36 ಸರಿ, 20 ತಪ್ಪು. ಈ 42 ತಪ್ಪುಗಳಲ್ಲಿ 11 ವಿಷಯವೇ ಅರ್ಥವಾಗದೆ ಆದವು, 14 ಲೆಕ್ಕ ಮಾಡುವಾಗ ಜಾರಿದವು, 7 ಪ್ರಶ್ನೆ ಸರಿಯಾಗಿ ಓದದೆ ಆದವು, 10 ದಾರಿ ಹೊಳೆಯದೆ ಊಹೆಯ ಮೇಲೆ ಗುರುತು ಹಾಕಿದವು. ಅಂದರೆ ಅರ್ಧಕ್ಕರ್ಧ, ಲೆಕ್ಕದಲ್ಲಿ ಜಾರಿದವೂ ಸರಿಯಾಗಿ ಓದದೆ ಆದವೂ ಸೇರಿ 21 ಪ್ರಶ್ನೆ, ನಿನಗೆ ಬರುತ್ತಿದ್ದವೇ. ಒಂದು ತಪ್ಪು ಸರಿಯಾದರೆ ಏರುವುದು 4 ಅಲ್ಲ, 5 ಅಂಕ. ಆ 21 ಸರಿಹೋದರೆ ಪತ್ರಿಕೆಗೆ ಸುಮಾರು 52 ಅಂಕ ಹೆಚ್ಚುತ್ತದೆ. ಹೊಸ ಅಧ್ಯಾಯ ಒಂದನ್ನೂ ಮುಟ್ಟದೆ 170 ದಾಟಬಹುದು. ಈ ಯೋಜನೆ ಹೊಸ ಪುಸ್ತಕಗಳಿಗಿಂತ ನಿನ್ನ ಫೋಟೊಗಳ ಮೇಲೆ ನಿಂತಿರುವುದು ಅದಕ್ಕೇ.

ತಪ್ಪಿನ ಫೋಟೊ ತೆಗೆಯುವ ಅಭ್ಯಾಸ ನಿನಗೆ ಈಗಾಗಲೇ ಇದೆ, ಅದನ್ನು ಬಿಡಬೇಡ. ಆದರೆ ತೆಗೆದ ಫೋಟೊವನ್ನು ಮತ್ತೆ ಯಾವ ದಿನ ತೆರೆಯಬೇಕು ಎಂಬುದು ಗೊತ್ತಿಲ್ಲದಿದ್ದರೆ ಗ್ಯಾಲರಿ ತುಂಬುತ್ತದೆ, ತಲೆಗೆ ಏನೂ ಇಳಿಯುವುದಿಲ್ಲ. ಫೋಟೊ ತೆಗೆದಾಗ ಕೆಲಸ ಮುಗಿಯಿತು ಅನ್ನಿಸುವುದೇ ಇದರ ದೊಡ್ಡ ಅಪಾಯ. ಇಲ್ಲಿ ಪ್ರತಿ ಫೋಟೊ ಒಂದು ಪ್ರಶ್ನೆ. ಅದನ್ನು ನೋಡುವುದಿಲ್ಲ, ಖಾಲಿ ಹಾಳೆಯ ಮೇಲೆ ಬಿಡಿಸುತ್ತೀಯ.

ದಿನದ ಮೂರು ಗಂಟೆ (ಸೋಮವಾರದಿಂದ ಶುಕ್ರವಾರ)

ಮೊದಲ 30 ನಿಮಿಷ: ಆ ದಿನಕ್ಕೆ ಬಂದಿರುವ ಹಳೆಯ ಫೋಟೊಗಳು. ಇದನ್ನು ಕೊನೆಗೆ ತಳ್ಳಬೇಡ. ಕೊನೆಗೆ ತಳ್ಳಿದ್ದು ಸುಸ್ತಿನ ನೆಪದಲ್ಲಿ ತಪ್ಪಿಹೋಗುತ್ತದೆ.

ನಂತರದ 100 ನಿಮಿಷ: ವಾರದ ಅಧ್ಯಾಯದ ಸಮಸ್ಯೆಗಳು, ಗಡಿಯಾರ ಇಟ್ಟುಕೊಂಡು. 25 ಸಮಸ್ಯೆಗಳ ಒಂದು ಗುಂಪು ಮುಗಿಯುವವರೆಗೆ ಉತ್ತರ ನೋಡಬಾರದು. ಒಂದೊಂದಕ್ಕೂ ಉತ್ತರ ನೋಡುತ್ತ ಹೋದರೆ ಮುಂದಿನದಕ್ಕೆ ಸುಳಿವು ಸಿಕ್ಕಿ, ಆಗಬೇಕಾದ ತಪ್ಪು ಆಗುವುದೇ ಇಲ್ಲ. ಅಭ್ಯಾಸದಲ್ಲಿ ಆಗದ ತಪ್ಪು ಪರೀಕ್ಷೆಯಲ್ಲಿ ಆಗುತ್ತದೆ.

ಮುಂದಿನ 35 ನಿಮಿಷ: ಉತ್ತರ ಹೊಂದಿಸಿ, ತಪ್ಪಾದದ್ದರಲ್ಲಿ *ಯಾವ ಸಾಲಿನಲ್ಲಿ* ತಪ್ಪಿತು ಎಂದು ಹುಡುಕುವುದು. ಕೊನೆಯ 15 ನಿಮಿಷ: ಫೋಟೊ. ಫೋನು ಅಲ್ಲಿಯವರೆಗೆ ಬೇರೆ ಕೋಣೆಯಲ್ಲಿರಲಿ. ಒಂದೊಂದು ತಪ್ಪಿಗೂ ಫೋನು ಕೈಗೆ ಬಂದರೆ ಮೂರು ಗಂಟೆಯಲ್ಲಿ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಮೊದಲ ಅರ್ಧ ಗಂಟೆಗೆ ಬೇಕಾದ ಫೋಟೊಗಳಿಗಾಗಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟುಕೊಳ್ಳಬಹುದು.

ಫೋಟೊ ತೆಗೆಯುವ ಕ್ರಮ

ದಿನಕ್ಕೆ ಗರಿಷ್ಠ 4 ತಪ್ಪು. ಇದಕ್ಕೆ ಲೆಕ್ಕವಿದೆ: ಪ್ರತಿ ತಪ್ಪು 3ನೇ ದಿನ, 10ನೇ ದಿನ, 30ನೇ ದಿನ ಹೀಗೆ ಮೂರು ಸಲ ವಾಪಸು ಬರುತ್ತದೆ. ದಿನಕ್ಕೆ 4 ತೆಗೆದರೆ ಒಂದು ತಿಂಗಳ ನಂತರ ದಿನಕ್ಕೆ 12 ಬರುತ್ತವೆ. ಒಂದಕ್ಕೆ ಎರಡೂವರೆ ನಿಮಿಷವಾದರೂ 30 ನಿಮಿಷ ತುಂಬಿತು. ದಿನಕ್ಕೆ 10 ತೆಗೆದವರು ಎರಡನೇ ತಿಂಗಳಲ್ಲಿ ಎಲ್ಲವನ್ನೂ ಕೈಬಿಡುತ್ತಾರೆ. ನಾಲ್ಕಕ್ಕಿಂತ ಹೆಚ್ಚು ತಪ್ಪಾದ ದಿನ, ಒಂದೇ ಕಾರಣದ ತಪ್ಪುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊ.

ಪ್ರತಿ ತಪ್ಪಿಗೆ ಎರಡು ಫೋಟೊ, ಈ ಕ್ರಮದಲ್ಲೇ. ಮೊದಲನೆಯದು ಪ್ರಶ್ನೆ ಮಾತ್ರ, ಆಯ್ಕೆಗಳ ಸಮೇತ. ಅದರ ಪಕ್ಕ ಒಂದು ಚೀಟಿಯಲ್ಲಿ ಕ್ರಮಸಂಖ್ಯೆ ಮತ್ತು ತಪ್ಪಿನ ಗುರುತು, ಎರಡು ಬೆರಳಗಲ ದೊಡ್ಡದಾಗಿ: `37 ಲ`. ಹೀಗೆ ಬರೆದರೆ ಫೈಲಿನ ಹೆಸರು ಬದಲಿಸುವ ಗೋಜಿಲ್ಲ, ಗ್ಯಾಲರಿಯ ಚಿಕ್ಕ ಚಿತ್ರದಲ್ಲೇ 37 ಕಾಣುತ್ತದೆ. ಎರಡನೆಯದು ನೀನು ಬಿಡಿಸಿದ ಪೂರ್ತಿ ಪುಟ, ತಪ್ಪಿದ ಸಾಲಿಗೆ ಕೆಂಪು ಸುತ್ತು, ಕೆಳಗೆ ಕಾರಣದ ಒಂದು ವಾಕ್ಯ. ಅಳಿಸಿದ್ದು, ಹೊಡೆದು ಹಾಕಿದ್ದು ಎಲ್ಲ ಹಾಗೇ ಇರಲಿ. ಅಂದಗೊಳಿಸಿ ಮತ್ತೆ ಬರೆದ ಪುಟದಲ್ಲಿ ತಪ್ಪಿನ ಹೆಜ್ಜೆ ಸಿಗುವುದಿಲ್ಲ. ಸರಿ ಉತ್ತರದ ಫೋಟೊ ಬೇಡ, ಅದು ನೋಟ್‌ಬುಕ್ಕಿನಲ್ಲಿರಲಿ. ಪ್ರಶ್ನೆಯೂ ಉತ್ತರವೂ ಒಂದೇ ಚೌಕಟ್ಟಿನಲ್ಲಿದ್ದರೆ ಕಣ್ಣು ಮೊದಲು ಉತ್ತರಕ್ಕೇ ಹೋಗುತ್ತದೆ, ಆಮೇಲೆ ಬಿಡಿಸಿದ್ದು ಲೆಕ್ಕಕ್ಕಿಲ್ಲ.

ಹಾಳೆ ಸಮತಟ್ಟಾಗಿರಲಿ, ಫೋನು ಹಾಳೆಗೆ ಸಮಾನಾಂತರವಾಗಿರಲಿ, ಬೆಳಕು ಪಕ್ಕದಿಂದ ಬೀಳಲಿ. ಫ್ಲ್ಯಾಶ್ ಬೇಡ: ಶಾಯಿ ಹೊಳೆದು ಘಾತಸೂಚಿ, ಋಣ ಚಿಹ್ನೆಗಳು ಮಾಯವಾಗುತ್ತವೆ, ಎಷ್ಟೋ ಸಲ ತಪ್ಪು ಇರುವುದೇ ಅಲ್ಲಿ. ಎಲ್ಲವೂ ಒಂದೇ ಆಲ್ಬಮ್‌ನಲ್ಲಿರಲಿ. ಭಾನುವಾರ ಅದರ ಒಂದು ಪ್ರತಿ ಬೇರೆಡೆ ಉಳಿಸು.

ದಿನಾಂಕವಿರುವ ಡೈರಿಯೊಂದು ಬೇಕು. ಇಂದು 37 ತೆಗೆದೆ ಎಂದರೆ ಈಗಲೇ 3, 10, 30 ದಿನ ಮುಂದಿನ ಪುಟಗಳಲ್ಲಿ 37 ಎಂದು ಬರೆದುಬಿಡು. ಶನಿವಾರ, ಭಾನುವಾರಕ್ಕೆ ಬಿದ್ದದ್ದನ್ನು ಶನಿವಾರವೇ ಮುಗಿಸು.

ಗುರುತುಗಳು ಮತ್ತು ಕಾರಣದ ವಾಕ್ಯ

ನಾಲ್ಕೇ ಗುರುತು: ವಿ (ವಿಷಯ ಅರ್ಥವಾಗಿಲ್ಲ), ಲ (ಲೆಕ್ಕ ಜಾರಿತು), ಓ (ಓದುವಾಗ ತಪ್ಪಿತು), ದ (ದಾರಿ ಹೊಳೆಯಲಿಲ್ಲ). "ಸಿಲ್ಲಿ ಮಿಸ್ಟೇಕ್" ಎಂಬ ಗುರುತು ಇಲ್ಲ. ಹಾಗೆ ಕರೆದ ಕೂಡಲೇ ಕಾರಣ ಹುಡುಕುವುದು ನಿಲ್ಲುತ್ತದೆ. "ಗಮನ ಕೊಡಲಿಲ್ಲ" ಎಂದೂ ಬರೆಯಬೇಡ. ಕೈ ಏನು ಮಾಡಬೇಕಿತ್ತು ಎಂದು ಬರೆ.

ನಿನ್ನ ಎರಡನೇ ಪತ್ರಿಕೆಯ ಒಂದು ಪ್ರಶ್ನೆಯನ್ನೇ ನೋಡು: 2x(x² + 1)³ ಅನ್ನು 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಬೇಕಿತ್ತು. u = x² + 1 ಎಂದು ಹಾಕಿದ್ದು ಸರಿ. u⁴/4 ಬಂದದ್ದೂ ಸರಿ. ಆಮೇಲೆ ಹಳೆಯ ಮಿತಿಗಳಾದ 0 ಮತ್ತು 1ನ್ನೇ ಹಾಕಿ 1/4 ಗುರುತು ಮಾಡಿದೆ. x 0 ಇದ್ದಾಗ u 1, x 1 ಇದ್ದಾಗ u 2; ಉತ್ತರ (16 − 1)/4 = 15/4. ನಿನ್ನ 1/4 ಕೂಡ ಆಯ್ಕೆಗಳಲ್ಲಿತ್ತು, ಏಕೆಂದರೆ ಪ್ರಶ್ನೆ ತೆಗೆಯುವವರಿಗೆ ಈ ಜಾರುವಿಕೆ ಚೆನ್ನಾಗಿ ಗೊತ್ತು. ಕಾರಣದ ವಾಕ್ಯ: "u ಬರೆದ ಸಾಲಿನಲ್ಲೇ u-ಮಿತಿ ಬರೆಯಬೇಕು." ಗುರುತು ಲ.

ಇನ್ನೊಂದು: 3/(x − 2) > 1. ನೀನು ಅಡ್ಡಗುಣಾಕಾರ ಮಾಡಿ x < 5 ಎಂದೆ. x − 2 ಋಣವಾಗಿದ್ದರೆ ಅಸಮತೆಯ ಚಿಹ್ನೆ ತಿರುಗುತ್ತದೆ. ಸರಿ ಉತ್ತರ 2 < x < 5. ಇದು ಲ ಅಲ್ಲ, ವಿ. ಚರಾಕ್ಷರ ಇರುವ ಪದದಿಂದ ಅಸಮತೆಯನ್ನು ಗುಣಿಸುವಾಗ ಅದರ ಚಿಹ್ನೆ ಕೇಳಬೇಕು ಎಂಬುದೇ ಮನಸ್ಸಿನಲ್ಲಿ ಕೂತಿಲ್ಲ. 2 sin x cos x = sin x ಸಮೀಕರಣದಲ್ಲಿ sin xನಿಂದ ಭಾಗಿಸಿ 0 ಮತ್ತು π ಎಂಬ ಪರಿಹಾರಗಳನ್ನು ಕಳೆದುಕೊಂಡದ್ದೂ ಇದೇ ಜಾತಿ. ಎರಡನ್ನೂ ಒಂದೇ ವಾಕ್ಯಕ್ಕೆ ಕಟ್ಟು: "ಸೊನ್ನೆಯೋ ಋಣವೋ ಎಂದು ಕೇಳದೆ ಗುಣಿಸಬಾರದು, ಭಾಗಿಸಬಾರದು."

ತಪ್ಪಾದ ಗುರುತು ಹಾಕಿದರೆ ತಪ್ಪಾದ ಮದ್ದು ಸಿಗುತ್ತದೆ. ಲಗೆ ಬೇಕಾದದ್ದು ಬರೆಯುವ ಶಿಸ್ತು. ವಿಗೆ ಪಾಠ ಮತ್ತೆ ಓದಿ ಅದೇ ಬಗೆಯ 5 ಸಮಸ್ಯೆ. ಓಗೆ ಪ್ರಶ್ನೆಯಲ್ಲಿ ಕೇಳಿದ್ದನ್ನು ಮೊದಲು ಅಡಿಗೆರೆ ಎಳೆಯುವುದು. ದಗೆ "ಯಾವ ಪದ ನೋಡಿ ಈ ದಾರಿ ಹೊಳೆಯಬೇಕಿತ್ತು" ಎಂದು ಬರೆಯುವುದು.

ವಾಪಸು ಬಂದ ಫೋಟೊ

ಮೊದಲ ಫೋಟೊ ಮಾತ್ರ ತೆರೆದು ಬಿಡಿಸು. ಎರಡು ನಿಮಿಷದ ಆಸುಪಾಸಿನಲ್ಲಿ ಸರಿಯಾದರೆ ಡೈರಿಯ ಮುಂದಿನ ದಿನಕ್ಕೆ ಕಾಯಲಿ. ಸರಿಯಾದರೂ ನಾಲ್ಕು ನಿಮಿಷ ಹಿಡಿದರೆ ಅದೇ ಅಂತರದಲ್ಲಿ ಇನ್ನೊಮ್ಮೆ. ತಪ್ಪಾದರೆ ಮತ್ತೆ 3ನೇ ದಿನದಿಂದ ಶುರು. ಎರಡು ಸಲ ತಪ್ಪಾದರೆ ಗುರುತು ಏನೇ ಇರಲಿ, ಅದನ್ನು ವಿ ಎಂದೇ ತಿಳಿದು ಪಾಠಕ್ಕೆ ಹಿಂತಿರುಗು.

30ನೇ ದಿನದ ಹೊತ್ತಿಗೆ ಉತ್ತರ ಬಾಯಿಪಾಠವಾಗಿರಬಹುದು. ಆಗ ಅಂಕಿ ಬದಲಿಸು: ಮೇಲಿನ ಇಂಟಿಗ್ರೇಷನ್‌ಗೆ ಬದಲು 3x²(x³ + 2)², 0ಯಿಂದ 1. ಮಿತಿ 2ರಿಂದ 3, ಉತ್ತರ 19/3. ಇದೂ ಬಂದರೆ ಫೋಟೊವನ್ನು "ಮುಗಿದವು" ಆಲ್ಬಮ್‌ಗೆ ಕಳಿಸು.

ವಾರಗಳ ಹಂಚಿಕೆ

1–2: ವರ್ಗಸಮೀಕರಣ, ಅಸಮತೆ, ಲಾಗರಿತಮ್, ಶ್ರೇಢಿ. 3: ತ್ರಿಕೋನಮಿತಿ, ವಿಲೋಮ ಫಲನಗಳು. ಇಲ್ಲಿ tan⁻¹2 + tan⁻¹3 ಬಗ್ಗೆ ಎಚ್ಚರ: ಸೂತ್ರ ಹಾಕಿದರೆ −π/4 ಬರುತ್ತದೆ, ಗುಣಲಬ್ಧ 1ಕ್ಕಿಂತ ಹೆಚ್ಚಾದ್ದರಿಂದ π ಸೇರಿಸಿ 3π/4 ಆಗಬೇಕು. 4–5: ಲಿಮಿಟ್, ಡಿಫರೆನ್ಸಿಯೇಷನ್. 6–7: ಇಂಟಿಗ್ರೇಷನ್. ನಿನ್ನ ಲ ಹೆಚ್ಚಾಗಿರುವುದು ಇಲ್ಲೇ, ಹಾಗಾಗಿ ಅವಸರ ಬೇಡ. 8: ನಿರ್ದೇಶಾಂಕ ರೇಖಾಗಣಿತ, ವೆಕ್ಟರ್. 9: ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ. 3×3 ಮ್ಯಾಟ್ರಿಕ್ಸ್‌ಗೆ |2A| ಅಂದರೆ 8|A|, 2|A| ಅಲ್ಲ. 5 ಕೆಂಪು, 3 ಬಿಳಿ ಚೆಂಡುಗಳಿಂದ ಎರಡನ್ನು ತೆಗೆದಾಗ ಒಂದೊಂದು ಬಣ್ಣ ಬರುವ ಸಂಭವ 15/28; ಒಂದೇ ಕ್ರಮ ಎಣಿಸಿದರೆ ಅದರ ಅರ್ಧ ಬರುತ್ತದೆ.

10–12: ಮಿಶ್ರ ಸಮಸ್ಯೆಗಳು, ವಾರಕ್ಕೆ ಎರಡು ಅಣಕು ಪರೀಕ್ಷೆ. 10ನೇ ವಾರದಿಂದ ಅಂತರ 2 ಮತ್ತು 7 ದಿನ, ಏಕೆಂದರೆ 30 ದಿನ ಕಾಯಲು ಪುರುಸೊತ್ತಿಲ್ಲ. 13–14: ಹೊಸದೇನೂ ಇಲ್ಲ, ಮುಗಿಯದ ಫೋಟೊಗಳು ಮಾತ್ರ.

ಪ್ರತಿ ಶನಿವಾರ ಅಧ್ಯಾಯ ಅಡ್ಡಕ್ಕೆ, ಗುರುತು ಉದ್ದಕ್ಕೆ ಇಟ್ಟು ಒಂದು ಕೋಷ್ಟಕ ಮಾಡಿ ವಾರದ ಫೋಟೊಗಳನ್ನು ಎಣಿಸು. ಅತಿ ಹೆಚ್ಚು ಬಿದ್ದ ಮನೆಗೆ ಮುಂದಿನ ವಾರ 60 ನಿಮಿಷ ಹೆಚ್ಚುವರಿ. ಭಾನುವಾರ ಅಣಕು ಪರೀಕ್ಷೆ, ನಿಜವಾದ ಪರೀಕ್ಷೆ ಇರುವ ಹೊತ್ತಿಗೇ. ಅಂದು 8 ತಪ್ಪುಗಳವರೆಗೆ ಫೋಟೊ ತೆಗೆದರೆ ಸರಿ.

ಪರೀಕ್ಷೆಯ ಕೋಣೆಗೆ

ಮೂರು ಸುತ್ತು. ಮೊದಲ 55 ನಿಮಿಷ ನೋಡಿದ ಕೂಡಲೇ ದಾರಿ ಕಾಣುವ ಪ್ರಶ್ನೆಗಳು. ಮುಂದಿನ 45 ನಿಮಿಷ ದಾರಿ ಗೊತ್ತಿದ್ದೂ ಉದ್ದವಾದವು. ಉಳಿದ 20ರಲ್ಲಿ ಮಿಕ್ಕದ್ದು ಮತ್ತು ಪರಿಶೀಲನೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ಹೊಡೆದು ಹಾಕಿದ್ದರೆ ಗುರುತು ಹಾಕು, ಸರಾಸರಿ 1.5 ಅಂಕ ನಿನ್ನ ಕಡೆಗಿದೆ. ಒಂದನ್ನೂ ತೆಗೆಯಲಾಗದಿದ್ದರೆ ಸರಾಸರಿ ಕಾಲು ಅಂಕವಷ್ಟೇ, ಅದಕ್ಕಾಗಿ ಒಂದು ನಿಮಿಷವನ್ನೂ ಕೊಡಬೇಡ.

ಕೊನೆಯ ಮೂರು ದಿನ ಫೋಟೊ ತೆರೆಯುವುದು ಬೇಡ. ಕಾರಣದ ವಾಕ್ಯಗಳಲ್ಲಿ ಹೆಚ್ಚು ಸಲ ಬಂದ 20ನ್ನು ಕೈಯಿಂದ ಒಂದೇ ಹಾಳೆಗೆ ಇಳಿಸಿ, ಬೆಳಿಗ್ಗೆ ಸಂಜೆ ಒಮ್ಮೆ ಓದು. ಪರೀಕ್ಷೆಯಲ್ಲಿ ಇಂಟಿಗ್ರೇಷನ್ ಬಂದಾಗ ಮೊದಲು ಬರೆಯುವುದು u, ಅದರ ಪಕ್ಕದಲ್ಲೇ ಹೊಸ ಮಿತಿ.