ನೆನೆದ ಮೊಬೈಲ್‌ಗೆ ಅಕ್ಕಿ ಮದ್ದಲ್ಲ (30 ಸೆಕೆಂಡಿನ ವಿಡಿಯೊ)

0–5 ಸೆಕೆಂಡು
ದೃಶ್ಯ: ಹೊರಗೆ ಜೋರು ಮಳೆ. ಕಾಫಿ ತೋಟದಿಂದ ಬಂದ ಹಿರಿಯರು ಕೊಡೆ ಮಡಚಿ, ಮೊಬೈಲನ್ನು ಕೌಂಟರ್ ಮೇಲೆ ಇಡುತ್ತಾರೆ. ಚಾರ್ಜಿಂಗ್ ತೂತಿನಲ್ಲಿ ಒಂದು ನುಚ್ಚಕ್ಕಿ.
ಹಿರಿಯರು: ರಾತ್ರಿಯಿಡೀ ಅಕ್ಕಿಯಲ್ಲಿ ಹೂತಿಟ್ಟಿದ್ದೆನಪ್ಪಾ. ಆನ್ ಆಗುತ್ತಲೇ ಇಲ್ಲ.

5–17 ಸೆಕೆಂಡು
ದೃಶ್ಯ: ಸೂಕ್ಷ್ಮದರ್ಶಕದ ಪರದೆ. ಬೋರ್ಡಿನ ಮೇಲೆ ಹಸಿರು ಕಿಲುಬು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬ್ರಷ್ ಅದನ್ನು ನಿಧಾನವಾಗಿ ಉಜ್ಜುತ್ತದೆ.
ರಿಪೇರಿ ಮಾಡುವವರು: ಅಕ್ಕಿ ಒಳಗಿನ ನೀರನ್ನು ಎಳೆಯುವುದಿಲ್ಲ ಸರ್. ನೀರು ನಿಂತಷ್ಟು ಹೊತ್ತೂ ಕಿಲುಬು ಹಬ್ಬುತ್ತದೆ. ಇದನ್ನು ಬಿಚ್ಚಿಯೇ ತೊಳೆಯಬೇಕು.

17–25 ಸೆಕೆಂಡು
ದೃಶ್ಯ: ಅವರು ಕ್ಯಾಮೆರಾ ಕಡೆಗೆ ತಿರುಗುತ್ತಾರೆ.
ರಿಪೇರಿ ಮಾಡುವವರು: ಮೊಬೈಲ್ ನೆನೆದರೆ ತಕ್ಷಣ ಆಫ್ ಮಾಡಿ, ಸಿಮ್ ತೆಗೆಯಿರಿ. ದಯವಿಟ್ಟು ಚಾರ್ಜಿಗೆ ಹಾಕಬೇಡಿ, ಬೋರ್ಡ್ ಸುಡುವುದು ಹೆಚ್ಚಾಗಿ ಆಗಲೇ. ಅದೇ ದಿನ ತನ್ನಿ.

25–30 ಸೆಕೆಂಡು
ದೃಶ್ಯ: ಪರದೆ ಬೆಳಗುತ್ತದೆ, ಮೊಮ್ಮಗಳ ಫೋಟೊ. ಹಿರಿಯರ ಮುಖ ಅರಳುತ್ತದೆ.
ಪರದೆಯ ಬರಹ: ಎಂ.ಜಿ. ರಸ್ತೆ, ಚಿಕ್ಕಮಗಳೂರು. ಬೆಳಿಗ್ಗೆ 10ರಿಂದ ರಾತ್ರಿ 8. ಪರೀಕ್ಷೆ ಉಚಿತ. ಖರ್ಚು ಹೇಳಿ, ನೀವು ಒಪ್ಪಿದ ಮೇಲೆಯೇ ಕೆಲಸ.