ಈ ವಾರ ಕುಂಬಳೆ ಯಾರ್ಡಿನಲ್ಲಿ: ಒಂದು ಸ್ವಿಫ್ಟ್, ಒಂದು ಆಲ್ಟೊ

ಮಾರುತಿ ಸ್ವಿಫ್ಟ್ ವಿಡಿಐ, ಡೀಸೆಲ್, 2015 ಮಾರ್ಚ್
ಕೆಎಲ್-14, ಬಿಳಿ, ಸೆಕೆಂಡ್ ಓನರ್, 92,000 ಕಿ.ಮೀ. ಬೆಲೆ 3,45,000. ಸ್ವಲ್ಪ ಮಾತಾಡಬಹುದು, ಆದರೆ ಗಾಡಿ ನೋಡಿದ ಮೇಲೆ.

ಫೋಟೋ 1 ನೋಡಿ ಗಾಬರಿಯಾಗಬೇಡಿ. ಅದು ಎಡಬದಿ ಬಾಗಿಲಿನ ಕೆಳಗಿನ ತುಕ್ಕು. ಗಾಡಿ ಇದ್ದದ್ದು ಕಡಲ ಬದಿಯ ಮನೆಯಲ್ಲಿ, ಉಪ್ಪುಗಾಳಿಗೆ ಹೀಗಾಗುತ್ತದೆ. ತೂತು ಬಿದ್ದಿಲ್ಲ. ಪೈಂಟ್ ಹೊಡೆದು ಮುಚ್ಚಬಹುದಿತ್ತು, ಬೇಕೆಂದೇ ಮುಚ್ಚಿಲ್ಲ. 2: ಎಡ ಮುಂದಿನ ಬಾಗಿಲು, ಇದಕ್ಕೆ ಒಮ್ಮೆ ಪೈಂಟ್ ಆಗಿದೆ, ಬಿಸಿಲಲ್ಲಿ ಬಣ್ಣದ ವ್ಯತ್ಯಾಸ ಗೊತ್ತಾಗುತ್ತದೆ. 3: ಹಿಂದಿನ ಟಯರಿನ ನಾಲ್ಕಂಕಿ, 2219. ಅಂದರೆ 2019ರ 22ನೇ ವಾರದ್ದು. ಗ್ರಿಪ್ ಕಂಡರೂ ವಯಸ್ಸಾಗಿದೆ, ಹಿಂದಿನ ಎರಡನ್ನೂ ಬದಲಿಸಬೇಕು. ಮುಂದಿನವು ಹೊಸತು. 4: ಇಂಜಿನ್, ತೊಳೆಯದೆ ತೆಗೆದದ್ದು. 5: ಮೀಟರ್. 6: ಸೀಟು, ಡ್ರೈವರ್ ಬದಿ ಸ್ವಲ್ಪ ಹರಿದಿದೆ. ಚೆಂದದ ಹೊರಗಿನ ಫೋಟೋಗಳು ಕೊನೆಗೆ, 7ರಿಂದ 10.

ಕ್ಲಚ್ ಗಟ್ಟಿಯಾಗಿದೆ. ಸದ್ಯ ಓಡುತ್ತದೆ, ಆದರೆ ತಡವಿಲ್ಲದೆ ಹಾಕಿಸಬೇಕು. ಬೆಲೆ ಕಡಿಮೆ ಇಟ್ಟದ್ದು ಅದಕ್ಕೇ. ಎಸಿ ಚೆನ್ನಾಗಿದೆ. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ, ಇನ್ನು 4 ತಿಂಗಳು ಉಂಟು. ಲೋನ್ ಇಲ್ಲ.

ಟೆಸ್ಟ್ ಡ್ರೈವಿಗೆ ಬೆಳಿಗ್ಗೆ 9ಕ್ಕೆ ಬನ್ನಿ, ಲೈಸೆನ್ಸ್ ತನ್ನಿ. ಮೊದಲು ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ನಾವು ಮೊದಲೇ ಸ್ಟಾರ್ಟ್ ಮಾಡಿ ಇಡುವುದಿಲ್ಲ. ತಣ್ಣನೆಯ ಡೀಸೆಲ್ ಇಂಜಿನ್ನಿನ ಸದ್ದು, ಹೊಗೆ ನೀವೇ ನೋಡಬೇಕಲ್ವಾ? ಆಮೇಲೆ ಸೀತಾಂಗೋಳಿ ಕಡೆಗೆ ಹೋಗೋಣ. ಏರಿನಲ್ಲಿ ಮೂರನೇ ಗೇರ್ ಹಾಕಿ ಒತ್ತಿ. ಸದ್ದು ಏರಿ ಗಾಡಿ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಖಾಲಿ ರಸ್ತೆ ಸಿಕ್ಕಿದಾಗ ಸ್ಟೇರಿಂಗ್ ಹಗುರ ಹಿಡಿದು ಬ್ರೇಕ್ ಹಾಕಿ, ಒಂದು ಬದಿಗೆ ಎಳೆಯುತ್ತದಾ ನೋಡಿ. ನಿಮ್ಮ ಮೆಕ್ಯಾನಿಕ್‌ನ್ನು ಕರೆತಂದರೆ ಇನ್ನೂ ಒಳ್ಳೆಯದು, ನಮಗೆ ಬೇಜಾರಿಲ್ಲ.

ಮಾರುತಿ ಆಲ್ಟೊ 800, ಪೆಟ್ರೋಲ್, 2016
ಬೂದು ಬಣ್ಣ, ಸಿಂಗಲ್ ಓನರ್, ಬದಿಯಡ್ಕದ ಟೀಚರೊಬ್ಬರ ಗಾಡಿ, 41,000 ಕಿ.ಮೀ. ಬೆಲೆ 2,10,000, ಇದರಲ್ಲಿ ಚೌಕಾಸಿ ಇಲ್ಲ. ಹಿಂದಿನ ಬಂಪರಿಗೆ ಗೀರು (ಫೋಟೋ 1), ಹಾರ್ನ್ ಕೆಲವೊಮ್ಮೆ ಕೈಕೊಡುತ್ತದೆ, ಅದನ್ನು ನಾವೇ ಸರಿಮಾಡಿ ಕೊಡುತ್ತೇವೆ. ಬೇರೆ ಹೇಳುವಂಥದ್ದೇನಿಲ್ಲ. ಸರ್ವಿಸ್ ಪುಸ್ತಕದ ಪುಟಗಳು ಫೋಟೋ 5 ಮತ್ತು 6ರಲ್ಲಿ. ಕಿ.ಮೀ. ತಾಳೆ ಹಾಕಿ ನೋಡಿ. ಟೆಸ್ಟ್ ಡ್ರೈವಿಗೆ ಕುಂಬಳೆ ಪೇಟೆಯೊಳಗೇ ಸಾಕು, ಗೇರ್ ಬದಲಿಸುವಾಗ ತಡೆಯುತ್ತದಾ ಗಮನಿಸಿ.

ತಲಪಾಡಿ ದಾಟಿ ಮಂಗಳೂರಿಗೆ ಒಯ್ಯುವವರಿಗೆ: ಎರಡೂ ಕೇರಳದ ನಂಬರ್. 12 ತಿಂಗಳಿಗಿಂತ ಜಾಸ್ತಿ ಅಲ್ಲೇ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಬೇಕು. ಎನ್‌ಒಸಿ ನಾವು ತೆಗೆಸಿಕೊಡುತ್ತೇವೆ, ಅಲ್ಲಿನ ಟ್ಯಾಕ್ಸ್ ನಿಮ್ಮದು. ಬೆಲೆ ಲೆಕ್ಕ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ.

ಬರುವ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕಿ, ಯಾವ ಗಾಡಿ, ಎಷ್ಟು ಗಂಟೆಗೆ ಅಂತ. ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ಓಡಿಸಿ ನೋಡದವರಿಂದ ಅಡ್ವಾನ್ಸ್ ತೆಗೆದುಕೊಳ್ಳುವುದಿಲ್ಲ.