ಗೊನೆಯ ಹಿಂಬದಿ: ಅಡಿಕೆ ಔಷಧಿ ನಾಜಲ್ ಅರ್ಜಿಯ ಹಿನ್ನೆಲೆ, ಸರಳ ಮಾತಿನಲ್ಲಿ

ಮೇಡಂ,

ಕಳೆದ ಮಾರ್ಚ್‌ನಲ್ಲಿ ನಾವು ಸಲ್ಲಿಸಿದ ಅರ್ಜಿಯ ಹಿನ್ನೆಲೆ ಭಾಗ ಓದಿ ತಲೆಬುಡ ಗೊತ್ತಾಗಲಿಲ್ಲ ಅಂದಿದ್ದಿರಿ. ಅದು ಪೇಟೆಂಟ್ ಪರೀಕ್ಷಕರಿಗೆ ಬರೆದ ಇಂಗ್ಲಿಷ್. ನೀವು ಪಂಪ್ ತಯಾರಕರ ಎದುರು ಕೂತು ಮಾತಾಡಬೇಕಾದವರು. ಅದೇ ವಿಷಯವನ್ನು ನಿಮಗಾಗಿ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮಲೆನಾಡಿನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬರುವ ದೊಡ್ಡ ಕಾಟ ಕೊಳೆರೋಗ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಇದು ಬರುತ್ತದೆ. ನೋಡಲು ಶಿಲೀಂಧ್ರದ ಹಾಗೆ ಇದ್ದರೂ ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಎಡೆಬಿಡದ ಮಳೆಯಲ್ಲಿ ಕಾಯಿಯ ಮೈಮೇಲೆ ತೆಳ್ಳಗೆ ನೀರು ನಿಂತಿರುತ್ತದಲ್ಲ, ಅಷ್ಟು ಸಾಕು ಅದಕ್ಕೆ. ಮೊದಲು ಹಸಿರು ಕಾಯಿಯ ತೊಟ್ಟಿನ ಹತ್ತಿರ ನೀರು ಇಳಿದಂತೆ ಕಡುಹಸಿರು ಮಚ್ಚೆ ಕಾಣಿಸುತ್ತದೆ. ಆಮೇಲೆ ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು. ಮಳೆ ಹನಿ ಸಿಡಿದು, ಗಾಳಿ ಬೀಸಿ ಒಂದು ಗೊನೆಯಿಂದ ಪಕ್ಕದ ಗೊನೆಗೆ ಹಬ್ಬುತ್ತದೆ.

ಔಷಧಿ ಹೊಸದಲ್ಲ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. ಅಲ್ಲಿ ಮಿಲಾರ್ದೆ 1885ರಲ್ಲಿ ಅದರ ಗುಣವನ್ನು ಜಗತ್ತಿಗೆ ತಿಳಿಸಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ, ಅಡಿಕೆಗೆ ಇದೇ ದ್ರಾವಣವನ್ನು ಬಳಕೆಗೆ ತಂದರು. ಇವತ್ತಿಗೂ ಲೆಕ್ಕ ಅದೇ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮುಂಗಾರು ಹಿಡಿಯುವ ಮುಂಚೆ ಒಮ್ಮೆ, ಸುಮಾರು 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ಮಳೆ ಜಾಸ್ತಿ ಆದರೆ ಮೂರನೆಯದು.

ಹಾಗಾದರೆ ತೊಂದರೆ ಎಲ್ಲಿದೆ? ಬೋರ್ಡೋ ರೋಗ ಬಂದ ಮೇಲೆ ವಾಸಿ ಮಾಡುವ ಮದ್ದಲ್ಲ, ಬಾರದಂತೆ ತಡೆಯುವ ಲೇಪ. ಕಾಯಿಯ ಮೇಲೆ ಮೈಲುತುತ್ತದಲ್ಲಿನ ತಾಮ್ರ ಕೂತಿದ್ದ ಕಡೆ ಬೀಜಕಣ ಮೊಳೆಯುವುದಿಲ್ಲ. ಕೂರದ ಕಡೆ ಮೊಳೆಯುತ್ತದೆ. ಗೊನೆಯ ಮುಂಬದಿ ಪೂರ್ತಿ ನೀಲಿಯಾಗಿ ಹಿಂಬದಿ ಒಣಗಿದ್ದರೆ ಆ ಗೊನೆಗೆ ಅರ್ಧ ರಕ್ಷಣೆ ಸಿಕ್ಕಿತು ಅಂತ ಅಂದುಕೊಳ್ಳುವ ಹಾಗಿಲ್ಲ. ರೋಗ ಹಿಂಬದಿಯಿಂದ ಒಳಗೆ ಬಂದು ಮುಂಬದಿಗೂ ಹಬ್ಬುತ್ತದೆ. ಅರ್ಜಿಯ 4ನೇ ಪ್ಯಾರಾದಲ್ಲಿ 'ಲಕ್ಷ್ಯ ಮೇಲ್ಮೈಯಲ್ಲಿ ಅಸಮ ನಿಕ್ಷೇಪಣೆ' ಎಂದು ಅರ್ಥ ಬರುವ ಒಂದು ಮಾತಿದೆ. ಅದು ಹೇಳುತ್ತಿರುವುದು ಇಷ್ಟನ್ನೇ. ನಮ್ಮ ಇಡೀ ಅರ್ಜಿ ನಿಂತಿರುವುದು ಆ ಒಣಗಿದ ಹಿಂಬದಿಯ ಮೇಲೆ.

ಹಿಂದೆ ಕೊನೆಗಾರರು ಮರ ಹತ್ತಿ ಹೊಡೆಯುತ್ತಿದ್ದರು. ಗೊನೆಯ ಪಕ್ಕದಲ್ಲೇ ಇರುವುದರಿಂದ ಕೈ ಸುತ್ತ ತಿರುಗಿಸಿ ಎಲ್ಲ ಕಡೆ ತಾಗಿಸುತ್ತಿದ್ದರು. ಗುಣಮಟ್ಟದಲ್ಲಿ ಅದನ್ನು ಮೀರಿಸುವ ವಿಧಾನ ಇನ್ನೂ ಬಂದಿಲ್ಲ ಅಂತಲೇ ನನ್ನ ಅಭಿಪ್ರಾಯ. ಆದರೆ ಮಳೆಯಲ್ಲಿ ಪಾಚಿ ಹಿಡಿದ ಮರ ಜಾರುತ್ತದೆ. ಬಿದ್ದು ಸೊಂಟ ಮುರಿದುಕೊಂಡವರು ಊರೂರಲ್ಲೂ ಇದ್ದಾರೆ. ಹತ್ತುವ ಹೊಸ ಹುಡುಗರು ಕಡಿಮೆ, ಎಲ್ಲ ತೋಟಕ್ಕೂ ಬೇಕಾಗುವುದು ಅದೇ ನಾಲ್ಕು ವಾರ. ಮರ ಹತ್ತುವ ಯಂತ್ರಗಳು ಬಂದಿವೆ. ಅಲ್ಲೂ ಮನುಷ್ಯ ಮೇಲೆಯೇ ಇರುತ್ತಾನೆ. ಗೊನೆಗೆ ಕೊಟ್ಟೆ ಕಟ್ಟಿದರೆ ರೋಗ ತಡೆಯುತ್ತದೆ, ನಿಜ, ಆದರೆ ಕಟ್ಟಲಿಕ್ಕೂ ಹತ್ತಲೇಬೇಕು. ಡ್ರೋನ್ ಬಗ್ಗೆ ಕಂಪನಿಯವರು ಖಂಡಿತ ಕೇಳುತ್ತಾರೆ. ಡ್ರೋನ್ ಮೇಲಿನಿಂದ ಸಿಂಪಡಿಸುತ್ತದೆ, ಅಡಿಕೆ ಗೊನೆ ಸೋಗೆಯ ಕೆಳಗೆ ನೇತಾಡುತ್ತದೆ. ಸೋಗೆ ಕೊಡೆ ಹಿಡಿದ ಹಾಗೆ ಅಡ್ಡ ಬರುತ್ತದೆ.

ಉಳಿದದ್ದು ದೋಟಿ. ಕಾರ್ಬನ್ ಫೈಬರಿನ ಹಗುರವಾದ ಕೋಲು, ಒಂದರೊಳಗೊಂದು ಸೇರುವ ತುಂಡುಗಳು, ತುದಿಗೆ ನಾಜಲ್, ಕೆಳಗೆ ಪಂಪು. ಇದು ಬಂದ ಮೇಲೆ ಹತ್ತುವ ಭಯ ಹೋಯಿತು. ರೈತರು ತಾವೇ ಹೊಡೆದುಕೊಳ್ಳುತ್ತಿದ್ದಾರೆ. ನಮ್ಮ ಮಾರುಕಟ್ಟೆ ಇರುವುದೂ ಇಲ್ಲೇ, ತೊಂದರೆ ಇರುವುದೂ ಇಲ್ಲೇ.

ಅರ್ಜಿ ಬರೆಯುವ ಮುಂಚೆ ಸಾಗರದ ಹತ್ತಿರ ಒಂದು ತೋಟದಲ್ಲಿ ಜೂನ್ ತಿಂಗಳ ಒಂದು ಬೆಳಗ್ಗೆ ಪೂರ್ತಿ ನಿಂತು ನೋಡಿದೆ. 50 ಅಡಿ ಮರ. ಹೊಡೆಯುವವರು ಕತ್ತು ಹಿಂದಕ್ಕೆ ಚಾಚಿ ಮೇಲೆ ನೋಡುತ್ತಿದ್ದರು. ಅವರಿಗೆ ಕಾಣುವುದು ಗೊನೆಯ ಅಡಿಭಾಗ ಮಾತ್ರ. ಗಾಳಿ ಸ್ವಲ್ಪ ಬೀಸಿದರೂ ದೋಟಿಯ ತುದಿ ತೂಗಾಡುತ್ತಿತ್ತು. ಹಿಂಬದಿಗೆ ಹೊಡೆಯಲು ಮರ ಸುತ್ತಿಕೊಂಡು ಆಚೆ ಹೋಗಬೇಕು, ಅಲ್ಲಿ ಕಾಲುವೆ ಇರುತ್ತದೆ, ಇಲ್ಲವೇ ಏಲಕ್ಕಿ ಹಿಂಡು. ಹಾಗಾಗಿ ಎಷ್ಟೋ ಮರಕ್ಕೆ ಒಂದೇ ಕಡೆಯಿಂದ ಹೊಡೆದು ಮುಂದೆ ಹೋದರು. ಅಷ್ಟರಲ್ಲಿ ನಾಜಲ್ ಕಟ್ಟಿಕೊಂಡಿತು. ಸುಣ್ಣದ ಹರಳು. ಬಟ್ಟೆಯಲ್ಲಿ ಸೋಸಿದ್ದರೂ ಒಂದು ಹೇಗೋ ದಾಟಿ ಬಂದಿತ್ತು. ದೋಟಿಯನ್ನು ತುಂಡು ತುಂಡಾಗಿ ಇಳಿಸಿ, ನಾಜಲ್ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಏರಿಸಿದರು. ಅವರ ಟೋಪಿ, ಭುಜ, ಕನ್ನಡಕ ಎಲ್ಲ ನೀಲಿ.

ಇದಕ್ಕೆಲ್ಲ ನಾಜಲ್ ಜಾಸ್ತಿ ಮಾಡಿದರೆ ಆಯಿತಲ್ವಾ ಅಂತ ಅನಿಸುತ್ತದೆ. ಮಾಡಿ ನೋಡಿದವರಿದ್ದಾರೆ, ಅರ್ಜಿ ಅದನ್ನೂ ಹೇಳುತ್ತದೆ. ನೀರನ್ನು 15 ಮೀಟರ್ ಎತ್ತರಕ್ಕೆ ಏರಿಸಲಿಕ್ಕೇ ಸುಮಾರು 1.5 ಬಾರ್ ಒತ್ತಡ ಹೋಗುತ್ತದೆ, ಉದ್ದ ಪೈಪಿನೊಳಗಿನ ಉಜ್ಜಾಟಕ್ಕೆ ಇನ್ನಷ್ಟು. ನಾಜಲ್ ಹೆಚ್ಚಿದಂತೆ ಪ್ರತಿಯೊಂದಕ್ಕೂ ಸಿಗುವ ದ್ರಾವಣ ಕಡಿಮೆ. ಪಂಪು ಸಣ್ಣದಿದ್ದರೆ ಒತ್ತಡ ಬಿದ್ದು ಮಂಜಿನ ಹಾಗೆ ಬರಬೇಕಾದದ್ದು ದಪ್ಪ ಹನಿಯಾಗಿ ಸೋರುತ್ತದೆ. ತುದಿಯ ತೂಕ ಹೆಚ್ಚಾದರೆ ಕೋಲು ಇನ್ನೂ ಬಾಗುತ್ತದೆ. ಹಿಡಿದವರ ಭುಜಕ್ಕೆ ಗೊತ್ತು ಅದರ ಭಾರ. ಹಗುರವಾಗಿರಬೇಕು, ಗೊನೆಯ ಸುತ್ತ ತಾಗಬೇಕು, ಹರಳಿಗೆ ಕಟ್ಟಿಕೊಳ್ಳಬಾರದು. ಅರ್ಜಿಯಲ್ಲಿ ಉಲ್ಲೇಖಿಸಿದ ಹಳೆಯ ಸಾಧನಗಳಲ್ಲಿ ಈ ಮೂರೂ ಒಟ್ಟಿಗೆ ಸಿಕ್ಕಿಲ್ಲ. ಹಿನ್ನೆಲೆ ಭಾಗ ಇಲ್ಲಿಗೆ ಮುಗಿಯುತ್ತದೆ.

ಮಾತುಕತೆಗೆ ಹೋಗುವ ಮುಂಚೆ ಇನ್ನು ಕೆಲವು ಮಾತು. ಹಿನ್ನೆಲೆಯಲ್ಲಿ ಹಳೆಯದು ಎಂದು ನಾವೇ ಬರೆದದ್ದನ್ನು ಮುಂದೆ ನಮ್ಮದು ಎನ್ನಲು ಬರುವುದಿಲ್ಲ. ದೋಟಿ, ಪಂಪು, ಒಂದಕ್ಕಿಂತ ಹೆಚ್ಚು ನಾಜಲ್, ಎಲ್ಲ ಹಳೆಯದು ಎಂದು ಒಪ್ಪಿದ್ದೇವೆ. ದೋಟಿಯೂ ನಿಮ್ಮ ಪೇಟೆಂಟಿಗೆ ಸೇರುತ್ತದೆಯೇ ಎಂದು ಕೇಳಿದರೆ ಇಲ್ಲ ಎಂದೇ ಹೇಳಿ. ಔಷಧಿ ಹೊಡೆಯುವ ವಿಧಾನವೂ ನಮ್ಮ ಕೋರಿಕೆಯಲ್ಲಿಲ್ಲ. ಭಾರತದ ಪೇಟೆಂಟ್ ಕಾಯ್ದೆಯ 3(h) ಪ್ರಕಾರ ಬೇಸಾಯದ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ನಾವು ಕೇಳಿರುವುದು ತುದಿಯಲ್ಲಿ ಕೂರುವ ಸಾಧನಕ್ಕೆ ಮಾತ್ರ. ಇದರಿಂದ ನಿಮ್ಮ ಕೆಲಸ ಸುಲಭವೇ ಆಗುತ್ತದೆ: ರೈತರ ಕೈಯಲ್ಲಿ ಈಗಾಗಲೇ ಇರುವ ದೋಟಿಗೆ ಸಿಕ್ಕಿಸುವ ಒಂದು ಬಿಡಿಭಾಗ. ಪಂಪ್ ತಯಾರಕರಿಗೂ ಮಾರಬಹುದು, ದೋಟಿ ಮಾರುವವರಿಗೂ ಮಾರಬಹುದು.

ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಅಲ್ಲಿಯವರೆಗೆ ನಮ್ಮ ಸಾಧನದ ಚಿತ್ರವನ್ನಾಗಲಿ ಕೋರಿಕೆಗಳನ್ನಾಗಲಿ ಗೌಪ್ಯತಾ ಒಪ್ಪಂದಕ್ಕೆ ಸಹಿ ಆಗದೆ ಯಾರಿಗೂ ಕೊಡಬೇಡಿ. ಈ ಬರಹದಲ್ಲಿ ಅದು ಹೇಗಿದೆ ಎಂಬ ಒಂದು ಮಾತೂ ಬಾರದಂತೆ ನೋಡಿಕೊಂಡಿದ್ದೇನೆ. ಕೊನೆಯ ಈ ಎರಡು ಪ್ಯಾರಾ ತೆಗೆದು ಉಳಿದದ್ದನ್ನು ಮೊದಲ ಭೇಟಿಯಲ್ಲೇ ಕೊಡಬಹುದು. ತೋಟ ನೋಡದವರು ಎದುರಿಗಿದ್ದರೆ ಸಾಗರದಲ್ಲಿ ತೆಗೆದ ಗೊನೆಯ ಎರಡು ಫೋಟೋ, ಮುಂಬದಿಯದು ಮತ್ತು ಹಿಂಬದಿಯದು, ಜೊತೆಯಲ್ಲಿಡಿ. ಎರಡನ್ನೂ ಇದರೊಂದಿಗೆ ಕಳಿಸಿದ್ದೇನೆ.